ಹಲಗೆಯ ಮೇಲೆ ದೊಡ್ಡಮಾದಮ್ಮನ ಹೆಸರು

ಹೆಡ್‌ಮಾಸ್ಟರ್ ಶಿವಶಂಕರಪ್ಪನವರು ತಮ್ಮ ಬೀಳ್ಕೊಡುಗೆಯ ಬರಹವನ್ನು ಮೊದಲ ಸಲ ಬರೆದಾಗ ಅದು ನಾಲ್ಕು ಹಾಳೆ ಆಯಿತು. ಗಡಿಯಾಚೆ ತಮಿಳುನಾಡಿಗೆ ಸೇರಿದ ತಾಳವಾಡಿಯ ಮನೆಯ ಜಗಲಿಯಲ್ಲಿ ಕೂತು ಹೆಂಡತಿ ಚನ್ನಬಸಮ್ಮನಿಗೆ ಓದಿ ಹೇಳಿದರು. ಶಾಲೆಗೆ ಹೆಂಚು ಹೊದಿಸಿದ್ದು, ಬಾವಿ ತೋಡಿಸಿದ್ದು, ಕನ್ನಡ ಪಠ್ಯಪುಸ್ತಕ ಬಾರದ ವರ್ಷ ಈರೋಡಿನವರೆಗೆ ಹೋಗಿ ತಂದದ್ದು, ಇಲಾಖೆಯ ಮೇಲಧಿಕಾರಿಗಳಿಗೆಲ್ಲ ವಂದನೆ, ಸಹಕರಿಸಿದ ಸಕಲರಿಗೂ ವಂದನೆ. ಚನ್ನಬಸಮ್ಮ ಅಕ್ಕಿ ಆರಿಸುತ್ತಲೇ ಕೇಳಿಸಿಕೊಂಡಳು.

"ಇದ ಯಾರಿಗೆ ಬರ್ದೀರಿ? ಇನ್ಸ್‌ಪೆಕ್ಟ್ರಿಗಾ?"

"ಮಕ್ಳಿಗೆ. ನಮ್ಮ ಟೀಚರ್‌ಗಳಿಗೆ."

"ಅವ್ರು ಎಲ್ಲವ್ರೆ ಇದ್ರಲ್ಲಿ? ಬರೀ ನೀವೇ ಇದ್ದೀರಿ."

ಶಿವಶಂಕರಪ್ಪನವರಿಗೆ ಮೊದಲು ಮುಜುಗರವಾಯಿತು. ಆಮೇಲೆ ಹೌದೆನ್ನಿಸಿತು. ತಾವೇ ಎಷ್ಟೋ ಬೀಳ್ಕೊಡುಗೆಗಳಲ್ಲಿ ಕೂತು ಆಕಳಿಸಿದವರು. ನಿವೃತ್ತರಾಗುವವರು ಎದ್ದು ನಿಂತು ತಮ್ಮ ಚರಿತ್ರೆ ಶುರುಮಾಡಿದರೆ ಬಿಸಿಲಲ್ಲಿ ಕೂತ ಮಕ್ಕಳು ಒಬ್ಬರ ಮೇಲೊಬ್ಬರು ಒರಗುತ್ತಿದ್ದರು. ಅವರು ಹೊಸ ಹಾಳೆ ತೆಗೆದುಕೊಂಡರು. ತಾವು ಮಾಡಿದ್ದೆಲ್ಲ ಹೊರಗೆ. ಇಲಾಖೆ ಹೊರಗೆ, ಅದಕ್ಕೆ ಬೇರೆ ಕಾಗದ ಹೋಗುತ್ತದೆ. ಬುದ್ಧಿವಾದ ಹೊರಗೆ, ಇಷ್ಟು ವರ್ಷ ಹೇಳಿದ್ದು ಸಾಕು. ಉಳಿಯುವುದು ಹೆಸರುಗಳು, ಮತ್ತು ಒಂದೊಂದು ಹೆಸರಿನ ಪಕ್ಕ ಆ ಮನುಷ್ಯ ಮಾಡಿದ, ತಾವು ಕಣ್ಣಾರೆ ಕಂಡ ಒಂದು ಕೆಲಸ. "ಎಲ್ಲರಿಗೂ ವಂದನೆ" ಎಂದರೆ ಯಾರಿಗೂ ಹೇಳಿದಂತಲ್ಲ. ಒಬ್ಬರ ಹೆಸರು ಬಿಟ್ಟರೂ ಹೇಳಿದ್ದೆಲ್ಲ ಕೆಡುತ್ತದೆ. ಒಂದೇ ಹಾಳೆ, ಬಸ್ಸಿಗೆ ಕಾಯುವವರು ನಿಂತಲ್ಲೇ ಓದಿ ಮುಗಿಸುವಷ್ಟು.

ಅಡುಗೆಯವರ ಸಾಲಿಗೆ ಬಂದಾಗ "ಸತ್ತುಣವು ಸಿಬ್ಬಂದಿಗೂ ಧನ್ಯವಾದ" ಎಂದು ಬರೆದು, ಹೊಡೆದುಹಾಕಿದರು. ಅದೂ ಯಾರಿಗೂ ಹೇಳಿದಂತಿರಲಿಲ್ಲ.

ತಮಿಳುನಾಡು ಸರ್ಕಾರದ ಮಧ್ಯಾಹ್ನದ ಊಟ ಶುರುವಾಗಿ ಅದು ನಾಲ್ಕನೆಯ ವರ್ಷ. ಬೆಟ್ಟದ ಮೇಲೆ ಎಲ್ಲರೂ ಅದನ್ನು ತಮಿಳಿನ ಹೆಸರಿನಲ್ಲೇ ಸತ್ತುಣವು ಎನ್ನುತ್ತಿದ್ದರು. ತಾಳಮಲೆ ದಾರಿಯ ಹಳ್ಳಿಯಲ್ಲಿದ್ದ ಅವರ ಕನ್ನಡ ಶಾಲೆಗೆ ಮೊದಲ ವರ್ಷವೇ ಅಡುಗೆಯವಳಾಗಿ ಮೇಲಿನ ಕೇರಿಯ ವಿಧವೆ ಪುಟ್ಟಬಸಮ್ಮ ಬಂದಳು. ಸೌದೆ, ನೀರು, ತಟ್ಟೆ ತೊಳೆಯುವುದಕ್ಕೆ ಕೆಳಗಿನ ಕೇರಿಯ ದೊಡ್ಡಮಾದಮ್ಮ. ಆ ವರ್ಷದ ಚಳಿಗೇ ಪುಟ್ಟಬಸಮ್ಮನ ಕೈಗೆಣ್ಣುಗಳು ಊದಿಕೊಂಡವು. ಹಂಡೆ ಇಳಿಸಲಾಗದು, ಸೌಟು ತಿರುವಲಾಗದು. ಕೆಲಸ ಬಿಟ್ಟರೆ ಅವಳಿಗೆ ಗತಿಯಿಲ್ಲ. ಯಾರೂ ಕೂತು ಮಾತಾಡಿ ತೀರ್ಮಾನಿಸಲಿಲ್ಲ. ಒಂದು ದಿನ ದೊಡ್ಡಮಾದಮ್ಮ ಸೌಟು ಹಿಡಿದಳು, ಹಿಡಿದದ್ದನ್ನು ಮತ್ತೆ ಬಿಡಲಿಲ್ಲ. ಪುಟ್ಟಬಸಮ್ಮ ಬಡಿಸುತ್ತಿದ್ದಳು. ಅಡುಗೆಯ ಕೊಟ್ಟಿಗೆ ಶಾಲೆಯ ಹಿಂದೆ, ಹೊಂಗೆಯ ಮರಗಳ ಮರೆಯಲ್ಲಿತ್ತು. ಗಂಟೆ ಹೊಡೆದಾಗ ಜಗಲಿಗೆ ಬರುತ್ತಿದ್ದದ್ದು ಪುಟ್ಟಬಸಮ್ಮನ ಬಕೆಟ್ಟು.

ಶಿವಶಂಕರಪ್ಪನವರು ಅದನ್ನು ಕಂಡರು, ಸುಮ್ಮನಿದ್ದರು. ಒಂದು ವಾರ ಕಾದರು, ಮೇಲಿನ ಕೇರಿಯಿಂದ ಯಾರಾದರೂ ತಕರಾರು ತರುತ್ತಾರೆಂದು. ಯಾರೂ ಬರಲಿಲ್ಲ. ತಿಂಗಳಾಯಿತು, ವರ್ಷವಾಯಿತು. ಅವರೂ ಮೇಲಿನ ಕೇರಿಯ ಜಾತಿಯವರೇ, ಅದೇ ಲಿಂಗಪೂಜೆಯ ಮನೆಯವರು. ಅವರೇ ದಿನವೂ ಒಂದು ತಟ್ಟೆ ಉಂಡರು. ಊರಿಗೆ ಗೊತ್ತಿದೆ, ಊರು ಒಪ್ಪಿಕೊಂಡಿದೆ ಎಂದುಕೊಂಡರು. ತಮ್ಮ ಕಾಲದಲ್ಲಿ ಇಷ್ಟಾದರೂ ಆಯಿತಲ್ಲ ಎಂಬ ಸಮಾಧಾನ ಅವರಿಗೆ ಹೆಂಚಿಗಿಂತ, ಬಾವಿಗಿಂತ ದೊಡ್ಡದಾಗಿತ್ತು.

ಆದ್ದರಿಂದ ಕಂಡದ್ದನ್ನು ಕಂಡಂತೆ ಬರೆದರು. ಎಂಬತ್ತಾರನೆಯ ಇಸವಿಯ ಏಪ್ರಿಲ್ ಕೊನೆಯ ಸೋಮವಾರ, ಕಿರಿಯ ಮೇಷ್ಟ್ರು ಚಿಕ್ಕಬಸಪ್ಪ ಅದನ್ನು ದೊಡ್ಡ ಅಕ್ಷರದಲ್ಲಿ ಚಾರ್ಟ್ ಹಾಳೆಗೆ ಇಳಿಸಿ ರಸ್ತೆಯ ಕಡೆಗಿದ್ದ ಪ್ರಕಟಣೆ ಹಲಗೆಗೆ ಅಂಟಿಸಿದ. ಕೆಳಗೆ ಹೆಡ್‌ಮಾಸ್ಟರರು ಸಹಿ ಹಾಕಿದರು.

'ನನ್ನ ಜೊತೆ ಕೆಲಸ ಮಾಡಿದವರೇ, ಮಕ್ಕಳೇ,

ಈ ಶುಕ್ರವಾರ ನನ್ನ ಕೆಲಸ ಮುಗಿಯುತ್ತದೆ. ಎದ್ದು ನಿಂತು ಹೇಳಿದರೆ ಉದ್ದವಾಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಶಕುಂತಲಮ್ಮನವರೇ, ಒಂದನೇ ತರಗತಿಯನ್ನು ನೀವು ಯಾರಿಗೂ ಬಿಟ್ಟುಕೊಡಲಿಲ್ಲ. ಈ ಊರಿನಲ್ಲಿ ಓದಬಲ್ಲ ಮಕ್ಕಳೆಲ್ಲ ನಿಮ್ಮ ಬೆರಳು ಹಿಡಿದು ತಿದ್ದಿದವರು. ಚಿಕ್ಕಬಸಪ್ಪನವರೇ, ದಿಂಬಂ ಘಾಟಿಯ ತಿರುವಿನಲ್ಲಿ ಬಸ್ಸು ಕೆಟ್ಟು ನಿಂತ ದಿನ ನಮ್ಮ ಮಕ್ಕಳನ್ನು ತರಕಾರಿ ಲಾರಿಯಲ್ಲಿ ಕೂರಿಸಿ ಪಂದ್ಯಕ್ಕೆ ಮುಟ್ಟಿಸಿದಿರಿ. ಸೋತು ಬಂದರೂ ನಗುತ್ತಾ ಬಂದರು. ಪುಟ್ಟಬಸಮ್ಮನವರೇ, ಯಾವ ಮಗು ನಿನ್ನೆ ಬಂದಿರಲಿಲ್ಲವೆಂದು ಹಾಜರಿಗಿಂತ ಮೊದಲು ನಿಮ್ಮ ಬಡಿಸುವ ಕೈಗೆ ತಿಳಿಯುತ್ತಿತ್ತು. ದೊಡ್ಡಮಾದಮ್ಮನವರೇ, ಇಷ್ಟು ವರ್ಷ ನೀವು ಬೇಯಿಸಿದ ಅನ್ನ ಸಾರು ಉಂಡು ನಮ್ಮ ಮಕ್ಕಳು ಮಧ್ಯಾಹ್ನದ ಪಾಠಕ್ಕೆ ಕಣ್ಣರಳಿಸಿ ಕೂತರು. ನಾನೂ ಉಂಡಿದ್ದೇನೆ, ನಿಮ್ಮ ಕೈ ತಣ್ಣಗಿರಲಿ.

ಮಕ್ಕಳೇ, ನಿಮ್ಮಲ್ಲಿ ಕೆಲವರಿಗೆ ಹೊಡೆದಿದ್ದೇನೆ. ಮರೆತಿದ್ದರೆ ಒಳ್ಳೆಯದು, ಮರೆಯದಿದ್ದರೆ ಕ್ಷಮಿಸಿ. ನಮ್ಮ ಮನೆ ತಾಳವಾಡಿ ಬಸ್ ಸ್ಟ್ಯಾಂಡಿನ ಹಿಂದೆಯೇ ಇದೆ. ಬಂದು ಹೋಗಿ.

ನಿಮ್ಮ,
ಶಿವಶಂಕರಪ್ಪ'

ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಹಲಗೆಗೆ ಮುತ್ತಿಕೊಂಡು ಒಟ್ಟಿಗೆ ಓದಿದರು. ಹೊಡೆತದ ಮಾತು ಬಂದಾಗ ಎಲ್ಲರೂ ನಕ್ಕರು. ಶಕುಂತಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ತರಗತಿಗೆ ಹೋದರು. ದೊಡ್ಡಮಾದಮ್ಮನಿಗೆ ಓದು ಬಾರದು. ಚಿಕ್ಕಬಸಪ್ಪ ಅವಳನ್ನು ಕರೆದು ನಿಲ್ಲಿಸಿ, ಅವಳ ಸಾಲನ್ನು ಬೆರಳಿಟ್ಟು ಓದಿ ಹೇಳಿದ. ಅವಳು ಕೈಯ ಬೂದಿ ಸೀರೆಗೆ ಒರೆಸಿಕೊಳ್ಳುತ್ತಾ ಕೇಳಿದಳು. ಹೆಡ್‌ಮಾಸ್ಟರರು ಜಗಲಿಯಿಂದ ನೋಡುತ್ತಿದ್ದರು. ಅವಳ ಮುಖ ಅರಳಲಿಲ್ಲ.

"ಇದ ಎಲ್ರೂ ಓದ್ತಾರ ಬುದ್ಧಿ?" ಎಂದಳು ಅವರ ಕಡೆ ತಿರುಗಿ.

"ಓದ್ಲಿ ಅಂತ್ಲೇ ಆಕಿರೋದು ಮಾದಮ್ಮ."

ಅವಳು ಹಿಂದಿನ ಕೊಟ್ಟಿಗೆಗೆ ಹೋದಳು. ನಾಚಿಕೆ ಇರಬೇಕು ಎಂದುಕೊಂಡರು ಶಿವಶಂಕರಪ್ಪನವರು.

ಹಾಸನೂರಿನ ಕಡೆಯಿಂದ ಬರುವ ಬಸ್ಸು ಆ ಹಲಗೆಯ ಎದುರಿಗೇ ನಿಲ್ಲುತ್ತಿತ್ತು. ಇಳಿದವರು ಓದಿದರು, ಹತ್ತುವವರು ಓದಿದರು. ಸಂಜೆಯ ಹೊತ್ತಿಗೆ ಊರೆಲ್ಲ ಓದಿಯಾಗಿತ್ತು. ಮರುದಿನ ಮಧ್ಯಾಹ್ನ ಗಂಟೆ ಹೊಡೆದಾಗ ಮೇಲಿನ ಕೇರಿಯ ಮಕ್ಕಳು ತಟ್ಟೆ ತೆಗೆದುಕೊಳ್ಳದೆ ಗೇಟಿನ ಕಡೆ ನಡೆದರು. ಅಲ್ಲಿ ಅವರ ಅಮ್ಮಂದಿರೋ ಅಜ್ಜಿಯರೋ ನಿಂತಿದ್ದರು. ಒಂದನೇ ತರಗತಿಯ ಒಂದು ಹುಡುಗಿ ಮಾತ್ರ ತಟ್ಟೆ ಹಿಡಿದು ಕೂತೇ ಇದ್ದಳು. ಅವಳ ಅಜ್ಜಿ ಒಳಗೆ ಬಂದು ತಟ್ಟೆ ಕೆಳಗಿಡಿಸಿ ರಟ್ಟೆ ಹಿಡಿದು ಕರೆದುಕೊಂಡು ಹೋದಳು. ಕೆಳಗಿನ ಕೇರಿಯ ಮಕ್ಕಳು ಖಾಲಿಯಾದ ಜಗಲಿಯಲ್ಲಿ ಕೂತು, ಯಾಕೆಂದು ಕೇಳದೆ ಉಂಡರು. ಹಂಡೆಯಲ್ಲಿ ಅರ್ಧ ಅನ್ನ ಉಳಿಯಿತು.

ಸಂಜೆ ಮಹದೇವಪ್ಪ ಬಂದ. ಊರಿನಲ್ಲಿ ಹೆಚ್ಚು ಹೊಲ ಅವನದೇ. ಮಾತೂ ಅವನದೇ. ಇಬ್ಬರು ಮೊಮ್ಮಕ್ಕಳು ಶಾಲೆಯಲ್ಲಿದ್ದರು. ಜಗಳಕ್ಕೆ ಬಂದವನಲ್ಲ. ಕುರ್ಚಿಯಲ್ಲಿ ಕೂತು, ಹೆಗಲ ಟವೆಲ್ಲನ್ನು ತೊಡೆಯ ಮೇಲಿಟ್ಟುಕೊಂಡ.

"ಮೇಷ್ಟ್ರೆ, ಚೆನ್ನಾಗಿ ಬರ್ದಿದ್ದೀರಿ. ನಾನೂ ಓದ್ದೆ. ಆ ಒಂದು ಸಾಲು ಯಾಕ್ ಬರುದ್ರಿ?"

"ಇದ್ದದ್ದು ಬರ್ದೆ ಗೌಡ್ರೆ. ನಿಮ್ಗೆ ಗೊತ್ತಿಲ್ದೆ ಇತ್ತಾ?"

ಮಹದೇವಪ್ಪ ಟವೆಲ್ಲಿನ ಮಡಿಕೆ ಸರಿಮಾಡಿದ. "ಗೊತ್ತಿತ್ತು. ನಮ್ಮನೆ ಎಂಗುಸ್ರಿಗೂ ಗೊತ್ತಿತ್ತು. ಅನ್ನ ರುಚಿಯಾಗ್ ಅದೆ ಅಂತ ಐಕ್ಳು ಏಳ್ದಾಗ್ಲೇ ತಿಳೀತು, ಪುಟ್ಟಬಸಮ್ಮ ಎಂದೂ ಅಂಗೆ ಮಾಡ್ದೋಳಲ್ಲ. ಸುಮ್ಕಿದ್ದೋ. ಗೊತ್ತಿದ್ದೂ ಗೊತ್ತಿಲ್ದಂಗೆ ಇರ್ಬೋದು ಮೇಷ್ಟ್ರೆ. ಬರ್ದು ರಸ್ತೆಗ್ ಅಂಟ್ಸುದ್ ಮ್ಯಾಲೆ ಅಂಗೆ ಇರಕ್ಕಾಗಲ್ಲ."

"ಮೂರ್ ವರ್ಷ ಉಂಡ್ರಲ್ಲ. ಯಾರಿಗ್ ಏನಾಯ್ತು?"

"ಏನೂ ಆಗ್ಲಿಲ್ಲ. ಅದೂ ಗೊತ್ತು." ಅವನು ದನಿ ತಗ್ಗಿಸಿದ. "ನಿನ್ನೆ ಬಸ್ಸಲ್ಲಿ ಬಂದೋರು ಓದ್ಕೊಂಡು ಓಗಿ ನಮ್ಮ ಬೀಗ್ರ ಊರಲ್ಲಿ ಏಳವ್ರೆ. ಬೆಳಿಗ್ಗೆ ಆಳು ಬಂದಿತ್ತು, ಏನ್ ಗೌಡ್ರೆ ನಿಮ್ಮೂರಲ್ಲಿ ಇಂಗಂತೆ ಅಂತ. ನಾನ್ ಏನ್ ಏಳ್ಲಿ? ತಿದ್ದಿ ಬರೀರಿ. ಅಡ್ಗೆ ಮಾಡ್ದೋಳು ಪುಟ್ಟಬಸಮ್ಮ ಅಂತ ಬರೀರಿ. ಎಲ್ರೂ ನಂಬ್ತಾರೆ. ನಂಬ್ಬೇಕು ಅಂತ್ಲೇ ಅವ್ರೆ."

ಶಿವಶಂಕರಪ್ಪನವರು ಆಗುವುದಿಲ್ಲ ಎಂದರು. ಮಹದೇವಪ್ಪ ಯೋಚನೆ ಮಾಡಿ ಎಂದು ಹೇಳಿ, ಕೈಮುಗಿದು ಹೋದ.

ಚಿಕ್ಕಬಸಪ್ಪ ಕುದಿಯುತ್ತಿದ್ದ. "ಪೊಲೀಸ್‌ಗೆ ಬರ್ದುಕೊಡಿ ಸಾರ್. ಕಾನೂನ್ ಅದೆ. ಅಸ್ಪೃಶ್ಯತೆ ಅಂದ್ರೆ ಜೈಲು."

ಮೇಷ್ಟ್ರಿಗೂ ಆ ಯೋಚನೆ ಬಂದಿತ್ತು. ಬುಧವಾರ ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ ದೊಡ್ಡಮಾದಮ್ಮನನ್ನೇ ಕೇಳಿದರು. ಅವಳು ಒಲೆ ಹಚ್ಚಿರಲಿಲ್ಲ. ಪುಟ್ಟಬಸಮ್ಮ ಮೂಲೆಯಲ್ಲಿ ಕೂತು ಊದಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಳು. ಮೈದುನ ಅವಳನ್ನು ರಾತ್ರಿ ಮನೆಯೊಳಗೆ ಸೇರಿಸಿರಲಿಲ್ಲ.

"ಪೊಲೀಸ್ ಬತ್ತಾರೆ, ಓಯ್ತಾರೆ," ಎಂದಳು ದೊಡ್ಡಮಾದಮ್ಮ. "ನನ್ ಮಗ ಮಾದೇವಪ್ನೋರ ಒಲದಲ್ಲೇ ಕೂಲಿ. ಸೊಸೆ ಅಲ್ಲೇ. ಕೇರಿ ಎಲ್ಲಾ ಅಲ್ಲೇ. ಪೊಲೀಸ್ ಬಂದು ನಮ್ಗ್ ಕೂಲಿ ಕೊಟ್ಟಾರ ಬುದ್ಧಿ?"

"ಮತ್ತೆ ಏನ್ ಮಾಡ್ಲಿ, ನೀನೇ ಏಳು."

"ಗೌಡ್ರು ಏಳ್ದಂಗೆ ಬರ್ದ್ಬುಡಿ. ನಾನ್ ಸೌದೆ ನೀರಿನೋಳು ಅಂತ ಬರೀರಿ. ನಂಗೆ ಎಸ್ರು ಬ್ಯಾಡ. ಕೆಲ್ಸ ಇದ್ರೆ ಸಾಕು."

"ಸುಳ್ಳ್ ಬರೀಲಾ ಮಾದಮ್ಮ?"

"ಸುಳ್ಳಲ್ವಾ ಬುದ್ಧಿ ಇಷ್ಟ್ ದಿನ ಇದ್ದದ್ದು? ಅದು ನಡೀತಿತ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಳಕ್ಕೆ ಬಿದ್ದ ತರಗು ಗುಡಿಸುವವಳ ದನಿಯಂತಿತ್ತು.

ಶಿವಶಂಕರಪ್ಪನವರು ಕಚೇರಿಗೆ ಬಂದು ಕೂತರು. ಮೂರನೆಯ ಸಲ ಹಾಳೆ ತೆಗೆದರು. ಎರಡು ದಿನ ಕಳೆದರೆ ಅವರು ಈ ಊರಿಗೆ ಏನೂ ಅಲ್ಲ. ಬಸ್ಸು ಹತ್ತಿ ಹೋಗುತ್ತಾರೆ. ಬರೆದದ್ದರ ಜೊತೆ ಇಲ್ಲೇ ಬದುಕಬೇಕಾದವಳು ಅವಳು. ಹಾಗೆಂದುಕೊಂಡು ಬರೆದರು. ಚಿಕ್ಕಬಸಪ್ಪ ಚಾರ್ಟಿಗೆ ಇಳಿಸುವುದಿಲ್ಲವೆಂದ, ತಾವೇ ಬರೆದರು.

'ತಿದ್ದುಪಡಿ. ಸೋಮವಾರದ ಬರಹದಲ್ಲಿ ನನ್ನ ಕೈತಪ್ಪಿನಿಂದ ಒಂದು ಸಾಲು ತಪ್ಪಾಗಿದೆ. ಮಕ್ಕಳಿಗೆ ಅಡುಗೆ ಮಾಡಿದವರು ಪುಟ್ಟಬಸಮ್ಮನವರು. ದೊಡ್ಡಮಾದಮ್ಮ ಸೌದೆ ಮತ್ತು ನೀರಿನ ಕೆಲಸದವಳು. ಅವಳು ಅಡುಗೆ ಮಾಡಿಲ್ಲ. ಶಿವಶಂಕರಪ್ಪ, ಹೆಡ್‌ಮಾಸ್ಟರ್.'

ಅಂಟಿಸಿ ಹಿಂದೆ ಸರಿದು ಓದಿಕೊಂಡಾಗ, 'ನವರು' ಎಂಬುದು ಒಂದು ಹೆಸರಿನಿಂದ ತಾನಾಗಿಯೇ ಬಿದ್ದುಹೋಗಿರುವುದು ಕಣ್ಣಿಗೆ ಬಿತ್ತು. ಯಾರೂ ಅದನ್ನು ಕೇಳಿರಲಿಲ್ಲ. ತಿದ್ದಲು ಮತ್ತೊಂದು ಹಾಳೆ ಬೇಕಿತ್ತು. ಅವರು ತಿದ್ದಲಿಲ್ಲ.

ಮಹದೇವಪ್ಪ ಹೇಳಿದಂತೆ ಊರು ನಂಬಬಹುದಿತ್ತೇನೋ. ಆದರೆ ವಿಷಯ ಆಗಲೇ ಊರು ದಾಟಿತ್ತು. ಗುರುವಾರವೂ ಮೇಲಿನ ಕೇರಿಯ ಮಕ್ಕಳು ತಟ್ಟೆ ಮುಟ್ಟಲಿಲ್ಲ. ಮಹದೇವಪ್ಪನ ಮೊಮ್ಮಕ್ಕಳನ್ನು ಮಾತ್ರ ಅಜ್ಜನೇ ಕರೆತಂದು ಜಗಲಿಯಲ್ಲಿ ಕೂರಿಸಿದ. ಮಿಕ್ಕವರು ಗೇಟಿನ ಹೊರಗೆ ನಿಂತು ನೋಡಿದರು. ಸ್ವಲ್ಪ ಹೊತ್ತಿಗೆ ಅವನು ಎದ್ದು, ಮಕ್ಕಳನ್ನೂ ಎಬ್ಬಿಸಿಕೊಂಡು, ಹೆಡ್‌ಮಾಸ್ಟರರ ಕಡೆ ನೋಡದೆ ಹೊರಟುಹೋದ.

ಶುಕ್ರವಾರ ಬೀಳ್ಕೊಡುಗೆ ನಡೆಯಿತು. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ತಟ್ಟೆ ಕೊಟ್ಟರು. ಊರಿನವರು ಕಡಿಮೆ ಬಂದಿದ್ದರು, ಬಂದವರು ಬೇಗ ಎದ್ದರು. ಶಕುಂತಲಮ್ಮ ಎರಡು ಮಾತಾಡಿದರು. ಮೇಷ್ಟ್ರು ಎದ್ದು ನಿಂತು ಕೈಮುಗಿದು ಕೂತುಬಿಟ್ಟರು. ದೊಡ್ಡಮಾದಮ್ಮ ಕೊಟ್ಟಿಗೆಯಿಂದ ಈಚೆಗೆ ಬರಲಿಲ್ಲ. ಮಕ್ಕಳ ಸಾಲಿನಲ್ಲಿ ಯಾರೋ ಹಾಡಿದರು, ಹಾಡಿನ ನಡುವೆ ಬಸ್ಸು ಬಂತು.

ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಚಿಕ್ಕಬಸಪ್ಪ ತಾಳವಾಡಿಗೆ ಬಂದು ಸುದ್ದಿ ಹೇಳಿದ. ಊರಿನವರು ಪಂಚಾಯತಿ ಯೂನಿಯನ್ ಆಫೀಸಿಗೆ ಅರ್ಜಿ ಕೊಟ್ಟಿದ್ದಾರೆ. ಅರ್ಜಿಯಲ್ಲಿ ಜಾತಿಯ ಮಾತೇ ಇಲ್ಲ. ತಟ್ಟೆ ಸರಿಯಾಗಿ ತೊಳೆಯುವುದಿಲ್ಲ, ನೀರು ಚೊಕ್ಕಟವಿಲ್ಲ, ಮಕ್ಕಳು ಊಟ ಬಿಟ್ಟಿದ್ದಾರೆ, ಆಯಾ ದೊಡ್ಡಮಾದಮ್ಮನನ್ನು ತೆಗೆದುಹಾಕಬೇಕು ಎಂದಷ್ಟೇ. ವಿಚಾರಣೆಗೆ ದಿನ ಗೊತ್ತಾಗಿದೆ.

ಶಿವಶಂಕರಪ್ಪನವರು ಮಡಿಸಿಟ್ಟಿದ್ದ ಬಿಳಿ ಜುಬ್ಬ ಹಾಕಿಕೊಂಡು ಹೋದರು. ಸತ್ಯಮಂಗಲದ ಕಡೆಯಿಂದ ಹೊಸದಾಗಿ ಬಂದಿದ್ದ ಅಧಿಕಾರಿ ಮರ್ಯಾದಸ್ಥ. ವಯಸ್ಸಾದವರೆಂದು ಕುರ್ಚಿ ಹಾಕಿಸಿದ. ತಮಿಳಿನಲ್ಲೇ ಮಾತು ನಡೆಯಿತು.

"ಅವಳಷ್ಟು ಚೊಕ್ಕಟವಾಗಿ ಕೆಲಸ ಮಾಡುವವರನ್ನು ನಾನು ಕಂಡಿಲ್ಲ," ಎಂದರು ಮೇಷ್ಟ್ರು. "ಮೂರು ವರ್ಷ ಅಡುಗೆಯನ್ನೂ ಅವಳೇ ಮಾಡಿದ್ದಾಳೆ. ನಾನೇ ಉಂಡಿದ್ದೇನೆ."

ಅಧಿಕಾರಿ ಕಡತ ಬಿಚ್ಚಿದ. ಅರ್ಜಿಯ ಜೊತೆ ಎರಡು ಚಾರ್ಟ್ ಹಾಳೆಗಳನ್ನು ಮಡಿಸಿ ಲಗತ್ತಿಸಿದ್ದರು. ಯಾರೋ ಹಲಗೆಯಿಂದ ಕಿತ್ತು ತಂದಿದ್ದರು. ಮೂಲೆಗಳಲ್ಲಿ ಅಂಟು ಹಾಗೇ ಇತ್ತು. ಗುಮಾಸ್ತ ಎರಡನ್ನೂ ತಮಿಳಿಗೆ ಮಾಡಿ ಪಕ್ಕದಲ್ಲಿಟ್ಟಿದ್ದ.

"ಸಾರ್, ಇದರಲ್ಲಿ ಅವಳೇ ಅಡುಗೆ ಮಾಡಿದಳು ಎಂದು ಬರೆದಿದ್ದೀರಿ. ಇದರಲ್ಲಿ ಮಾಡಿಲ್ಲ ಎಂದು ಬರೆದಿದ್ದೀರಿ. ಎರಡರ ಕೆಳಗೂ ನಿಮ್ಮ ಸಹಿ. ಯಾವುದು ನಿಜ?"

"ಮೊದಲನೆಯದು" ಎಂಬ ಮಾತು ನಾಲಗೆಯ ತುದಿಗೆ ಬಂತು.

ಅಧಿಕಾರಿ ಅವರಿಗೆ ತಿಳಿಯಲಿ ಎಂದೇ ನಿಧಾನವಾಗಿ ಹೇಳಿದ. "ಮೊದಲನೆಯದು ನಿಜವಾದರೆ, ಇಷ್ಟು ವರ್ಷ ಅಡುಗೆ ಮಾಡದೆ ಅಡುಗೆಯವಳ ಸಂಬಳ ತೆಗೆದುಕೊಂಡ ಆ ಇನ್ನೊಬ್ಬ ಹೆಂಗಸನ್ನೂ ನಾನು ತೆಗೆಯಬೇಕಾಗುತ್ತದೆ. ಆರ್ಡರ್ ಇಲ್ಲದೆ ಅಡುಗೆ ಮಾಡಿದ್ದಕ್ಕೆ ಇವಳನ್ನೂ ತೆಗೆಯಬೇಕಾಗುತ್ತದೆ. ಎರಡನೆಯದು ನಿಜವಾದರೆ, ನಿಮ್ಮ ಸಾಕ್ಷಿಗೆ ಬೆಲೆ ಇಲ್ಲ. ನೀವು ರಿಟೈರ್ ಆದವರು. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ, ಮಾತಾಡದೆ ಇದ್ದರೆ ಒಬ್ಬಳಾದರೂ ಉಳಿಯುತ್ತಾಳೆ."

ಪುಟ್ಟಬಸಮ್ಮನ ಕೈಗಳು ಅವರ ಕಣ್ಣಮುಂದೆ ಬಂದವು. ಗೋಡೆಯ ಮೇಲಿನ ಫ್ಯಾನು ತಿರುಗುತ್ತಿತ್ತು, ಹಾಳೆಗಳ ತುದಿ ಏಳುತ್ತಿತ್ತು, ಬೀಳುತ್ತಿತ್ತು. ಅವರು ಎರಡು ಹಾಳೆಗಳನ್ನೂ ಮಡಿಸಿ ಅಧಿಕಾರಿಯ ಕಡೆಗೆ ಸರಿಸಿದರು. ಅಧಿಕಾರಿ ಕಡತ ಕಟ್ಟಿ, ಕಾಫಿ ತರಿಸಲೇ ಎಂದು ಕೇಳಿದ.

ತಿಂಗಳೊಳಗೆ ಆರ್ಡರ್ ಬಂತು. ದೊಡ್ಡಮಾದಮ್ಮನ ಜಾಗಕ್ಕೆ ಮೇಲಿನ ಕೇರಿಯ ಇನ್ನೊಬ್ಬ ಹೆಂಗಸು ಬಂದಳು. ಸೌಟು ತಿರುವುತ್ತಿದ್ದದ್ದೂ ಅವಳೇ. ಮೇಲಿನ ಕೇರಿಯ ಮಕ್ಕಳು ಮತ್ತೆ ಜಗಲಿಗೆ ಬಂದು ಕೂತರು. ಅನ್ನ ಅಷ್ಟು ಚೆನ್ನಾಗಿಲ್ಲ ಎಂದು ಅವರು ಮನೆಯಲ್ಲಿ ಹೇಳಿದರಂತೆ.

ತಮಿಳರ ಆಡಿ ತಿಂಗಳ, ಆಷಾಢದ ಗಾಳಿ ಬೀಸುತ್ತಿದ್ದ ಒಂದು ಬೆಳಿಗ್ಗೆ ಶಿವಶಂಕರಪ್ಪನವರು ಆ ಊರಿಗೆ ಹೋಗಿ, ಮೂವತ್ತು ವರ್ಷದಲ್ಲಿ ಮೊದಲ ಸಲ ಕೆಳಗಿನ ಕೇರಿಗೆ ಇಳಿದರು. ದೊಡ್ಡಮಾದಮ್ಮ ಮನೆಯ ಮುಂದೆ ಜೋಳದ ಕಡ್ಡಿ ಕಟ್ಟುತ್ತಿದ್ದಳು. ಅವರನ್ನು ಕಂಡು ಎದ್ದಳು. ಕೂರಲು ಹೇಳಲಿಲ್ಲ. ಕೂರಿಸುವುದಕ್ಕೆ ಏನೂ ಇರಲಿಲ್ಲವೋ, ಹೇಳಬಾರದೆಂದೋ ತಿಳಿಯಲಿಲ್ಲ. ಅಕ್ಕಪಕ್ಕದ ಬಾಗಿಲುಗಳಲ್ಲಿ ಮುಖಗಳು ಕಾಣಿಸಿಕೊಂಡವು.

"ಮಗಂಗೆ ಕೂಲಿ ಸಿಕ್ತಾ ಅದಾ?" ಎಂದು ಕೇಳಿದರು.

"ಗೌಡ್ರ ಒಲದಲ್ಲಿ ಇಲ್ಲ. ತಾಳಮಲೆ ಕಡೆ ಓಯ್ತನೆ, ವಾರಕ್ಕೊಂದ್ಸತಿ ಬತ್ತನೆ."

"ನಂದೇ ತಪ್ಪು ಮಾದಮ್ಮ."

ಅವಳು ಕಡ್ಡಿಯ ಹೊರೆಗೆ ಕಾಲು ಕೊಟ್ಟು ಹಗ್ಗ ಎಳೆದಳು.

"ನೀವು ಒಳ್ಳೇದ್ಕೇ ಬರುದ್ರಿ ಬುದ್ಧಿ. ಅದು ನಂಗೊತ್ತು. ನನ್ ಎಸ್ರ ಮುಂದ್ಕೆ ನೋರು ಅಂತ ಯಾರೂ ಬರ್ದಿರ್ನಿಲ್ಲ." ಗಂಟು ಬಿಗಿದಳು. "ನೀವು ಇಲ್ಲಿಗ್ ಬಂದದ್ನೂ ಈಗ ನೋಡ್ತಾವ್ರೆ. ನಾಳೆ ಅದ್ಕೊಂದು ಮಾತಾಯ್ತದೆ. ಇನ್ ಬರ್ಬ್ಯಾಡಿ."

ಅವರು ತಲೆಯಾಡಿಸಿದರು. ಅವಳು ಹೊರೆಯನ್ನು ತಲೆಗೆ ಎತ್ತಿಕೊಂಡು ಹೊಲದ ದಾರಿಗೆ ತಿರುಗಿದಳು. ಅವರು ರಸ್ತೆಗೆ ಹತ್ತಿ ಬಂದು ಬಸ್ಸಿಗೆ ಕಾಯುತ್ತಾ ನಿಂತರು. ಶಾಲೆಯಿಂದ ಮಗ್ಗಿ ಹೇಳುವ ದನಿ ಕೇಳುತ್ತಿತ್ತು. ಅವರು ಆ ಕಡೆಗೆ ಬೆನ್ನು ಮಾಡಿ, ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು, ಬಸ್ಸು ಬರುವ ತಿರುವನ್ನೇ ನೋಡುತ್ತಿದ್ದರು.